ಚಾಟ್‌ಬಾಟ್‌ಗೆ ಅಂಕ ಕೊಡುವಾಗ ಎಲ್ಲಿ ಎಡವುತ್ತೇವೆ

ತಿಂಗಳ ಕೊನೆಯ ರಿವ್ಯೂ ಮೀಟಿಂಗಿಗೆ ಬಾಟ್ ತಂಡ ಒಂದು ಸ್ಲೈಡ್ ತರುತ್ತದೆ. ಅದರಲ್ಲಿ ಮೂರೇ ಸಂಖ್ಯೆ. ಏಜೆಂಟ್ ಕೈಗೆ ಹೋಗದೆ ಮುಗಿದ ಚಾಟ್, ಅಂದರೆ ಕಂಟೈನ್‌ಮೆಂಟ್, 78%. ಬಗೆಹರಿದ ಸಮಸ್ಯೆ, ಅಂದರೆ ರೆಸಲ್ಯೂಷನ್, 61%. ಗ್ರಾಹಕರ ಸಂತೃಪ್ತಿ, ಅಂದರೆ ಸಿಸ್ಯಾಟ್, 5ಕ್ಕೆ 4.3. ಎಲ್ಲರಿಗೂ ಖುಷಿ. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕಾಲ್ ಸೆಂಟರ್ ನೋಡಿಕೊಳ್ಳುವವರು ಕೂತಿರುತ್ತಾರೆ. ಅವರ ಲೆಕ್ಕದಲ್ಲಿ ಕರೆಗಳು ಕಮ್ಮಿಯಾಗಿಯೇ ಇಲ್ಲ. ಬರುವ ಕರೆಗಳಲ್ಲಿ ಸಿಟ್ಟು ಮಾತ್ರ ಜಾಸ್ತಿಯಾಗಿದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಾಗಾದರೆ ಇದು ಹೇಗೆ ಸಾಧ್ಯ? ಇವತ್ತು ನಾನು ಮಾತಾಡಬೇಕು ಅಂತಿರುವುದು ಇಷ್ಟೇ.

ಲೆಕ್ಕ ತೋರಿಸಲು ಒಂದು ಕಂಪನಿಯನ್ನು ನಾನೇ ಕಟ್ಟಿಕೊಳ್ಳುತ್ತೇನೆ. ಬಸ್ ಟಿಕೆಟ್ ಮಾರುವ ಒಂದು ಆ್ಯಪ್ ಅಂತ ಇಟ್ಟುಕೊಳ್ಳಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ, ಮಂಗಳೂರಿಗೆ, ಶಿವಮೊಗ್ಗಕ್ಕೆ ರಾತ್ರಿ ಬಸ್ಸು. ಜನ ಕೇಳುವುದು ಮೂರೋ ನಾಲ್ಕೋ ವಿಷಯ. ಬಸ್ ಎಲ್ಲಿದೆ, ಪಿಕಪ್ ಪಾಯಿಂಟ್ ಎಲ್ಲಿ, ಟಿಕೆಟ್ ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್, ಕ್ಯಾನ್ಸಲ್ ಮಾಡಿದ್ದರ ದುಡ್ಡು ಇನ್ನೂ ಯಾಕೆ ಬಂದಿಲ್ಲ. ಕಂಪನಿ ಕಾಲ್ಪನಿಕ, ಅದರ ಅಂಕಿಗಳೂ ಕಾಲ್ಪನಿಕ. ಲೆಕ್ಕ ತಪ್ಪುವ ರೀತಿ ಮಾತ್ರ ನಿಮಗೆ ಗುರುತು ಸಿಗುತ್ತದೆ.

ಮೊದಲು ಕಂಟೈನ್‌ಮೆಂಟ್. ಬಾಟ್ ಜೊತೆ ಶುರುವಾದ ಮಾತುಕತೆಗಳಲ್ಲಿ ಎಷ್ಟು ಮನುಷ್ಯ ಏಜೆಂಟ್ ಹತ್ತಿರ ಹೋಗದೆ ಮುಗಿದವು, ಆ ಪಾಲೇ ಕಂಟೈನ್‌ಮೆಂಟ್ ರೇಟ್. ಇದು ಚಾಟ್‌ಬಾಟ್‌ಗಿಂತ ಹಳೆಯ ಅಳತೆ. ಫೋನಿನಲ್ಲಿ ಕನ್ನಡಕ್ಕಾಗಿ ಒಂದನ್ನು ಒತ್ತಿ, ಇಂಗ್ಲಿಷಿಗಾಗಿ ಎರಡನ್ನು ಒತ್ತಿ ಅನ್ನುತ್ತದಲ್ಲ, ಆ ಐವಿಆರ್ ಕಾಲದಿಂದ ಬಂದದ್ದು. ಅಲ್ಲಿ ಕರೆ ಮಾಡಿದವರು ಏಜೆಂಟ್ ತನಕ ಹೋಗದೆ ಫೋನ್ ಇಟ್ಟರೆ ಕಂಪನಿಗೆ ಒಂದು ಕರೆಯ ಖರ್ಚು ಉಳಿಯಿತು. ಅಂದರೆ ಇದು ಹುಟ್ಟಿದ್ದೇ ಖರ್ಚು ಅಳೆಯಲು. ಗ್ರಾಹಕರ ಕೆಲಸ ಆಯಿತೋ ಇಲ್ಲವೋ ಅನ್ನುವುದು ಇದರ ಪ್ರಶ್ನೆಯೇ ಅಲ್ಲ. ಖರ್ಚಿನ ಅಳತೆಯನ್ನು ನಾವು ಗುಣಮಟ್ಟದ ಅಳತೆ ಅಂತ ಓದಲು ಶುರುಮಾಡಿದಾಗ ಎಡವಟ್ಟು ಆಗುತ್ತದೆ.

ನಮ್ಮ ಆ್ಯಪ್‌ನಲ್ಲಿ ಒಂದು ವಾರ 1000 ಚಾಟ್ ಬಂದವು ಅನ್ನಿ. 220 ಏಜೆಂಟ್ ಹತ್ತಿರ ಹೋದವು. ಉಳಿದದ್ದು 780. ಕಂಟೈನ್‌ಮೆಂಟ್ 78%. ಸ್ಲೈಡಿಗೆ ಇಷ್ಟೇ ಸಾಕು. ಆದರೆ ಆ 780ರ ಒಳಗೆ ಯಾರಿದ್ದಾರೆ ಅಂತ ಬಿಚ್ಚಿ ನೋಡೋಣ.

110 ಜನ ಚಾಟ್ ತೆರೆದರು, ಬಹಳ ಅಂದರೆ `hi` ಅಂತ ಹೊಡೆದರು, ಹೋದರು. ಕೈತಪ್ಪಿ ತೆರೆದವರೂ ಇರಬಹುದು, ಮೆನು ನೋಡಿ ಬೇಡ ಅನಿಸಿದವರೂ ಇರಬಹುದು. ಇವರು ಏನನ್ನೂ ಕೇಳಲೇ ಇಲ್ಲ. ಆದರೂ ಬಾಟ್‌ನ ಗೆಲುವಿನ ಪಟ್ಟಿಯಲ್ಲಿ ಇದ್ದಾರೆ.

ಇನ್ನು 130 ಜನರಿಗೆ ಬಾಟ್ ಎರಡು ಸಲ "ಕ್ಷಮಿಸಿ, ಅರ್ಥವಾಗಲಿಲ್ಲ" ಅಂದಿತು. ಅವರು ಎದ್ದು ಹೋದರು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ, ಯಾಕಂದರೆ ನಮ್ಮ ಕಡೆಯ ಬಾಟ್‌ಗಳಲ್ಲಿ ಇದು ಕಾಣುವ ರೀತಿಯೇ ಬೇರೆ. ಗ್ರಾಹಕರು ಹೀಗೆ ಟೈಪ್ ಮಾಡುತ್ತಾರೆ: `refund innu bandilla yavaga barutte`. ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರ. ಇದನ್ನೇ ಇನ್ನೊಬ್ಬರು `rifand bandila` ಅಂತ ಬರೆಯುತ್ತಾರೆ, ಮತ್ತೊಬ್ಬರು `dudd yavag barthade` ಅನ್ನುತ್ತಾರೆ. ಅಚ್ಚುಕಟ್ಟಾದ ಇಂಗ್ಲಿಷ್ ವಾಕ್ಯಗಳಿಂದ ಕಲಿಸಿದ ಬಾಟ್‌ಗೆ ಇದು ಯಾವುದೂ ತಲೆಗೆ ಹೋಗುವುದಿಲ್ಲ. ಗ್ರಾಹಕರು ಎರಡನೇ ಸಲ ಬೇರೆ ತರ ಕೇಳಿ ನೋಡುತ್ತಾರೆ. ಆಮೇಲೆ ಚಾಟ್ ಮುಚ್ಚಿ ಫೋನ್ ಮಾಡುತ್ತಾರೆ. ಚಾಟ್‌ನ ದಾಖಲೆಯಲ್ಲಿ ಏಜೆಂಟ್‌ಗೆ ಹೋಗಿಲ್ಲ, ಆದ್ದರಿಂದ ಕಂಟೈನ್ ಆಗಿದೆ. ಬಾಟ್ ಎಷ್ಟು ದಡ್ಡವೋ ಅಷ್ಟು ಬೇಗ ಜನ ಬಿಟ್ಟು ಹೋಗುತ್ತಾರೆ, ಅಷ್ಟು ಚೆನ್ನಾಗಿ ಕಂಟೈನ್‌ಮೆಂಟ್ ಏರುತ್ತದೆ. ಇದು ಹುಡುಗಾಟದ ಮಾತಲ್ಲ. ಒಂದು ಭಾಷೆಯವರಿಗೆ ಮಾತ್ರ ಕಂಟೈನ್‌ಮೆಂಟ್ ಜಾಸ್ತಿ, ಚಾಟ್ ಉದ್ದ ಮಾತ್ರ ಚಿಕ್ಕದು ಅಂತ ಕಂಡರೆ, ಬಾಟ್ ಆ ಭಾಷೆಯಲ್ಲಿ ಚುರುಕಾಗಿದೆ ಅಂದುಕೊಳ್ಳಬೇಡಿ. ಮೊದಲು ಆ ಚಾಟ್‌ಗಳ ಕೊನೆಯ ಸಾಲು ಓದಿ. ಕೊನೆಯ ಸಾಲು ಬಾಟ್‌ನ "ಅರ್ಥವಾಗಲಿಲ್ಲ" ಆಗಿದ್ದರೆ ಉತ್ತರ ಅಲ್ಲೇ ಇದೆ.

ಉಳಿದ 540 ಜನರಿಗೆ ಬಾಟ್ ಏನೋ ಒಂದು ಉತ್ತರ ಕೊಟ್ಟಿತು, ಅವರು ಹೋದರು. ಇವರ ಕಥೆ ರೆಸಲ್ಯೂಷನ್‌ಗೆ ಬಂದಾಗ ನೋಡೋಣ.

ಅದಕ್ಕೆ ಮೊದಲು ಇನ್ನೊಂದು ವಿಷಯ. ನಾವು ಎಣಿಸುತ್ತಿರುವುದು ಚಾಟ್‌ಗಳನ್ನೋ ಜನರನ್ನೋ? ಒಬ್ಬ ಗ್ರಾಹಕರನ್ನು ತೆಗೆದುಕೊಳ್ಳಿ. ಹುಬ್ಬಳ್ಳಿ ಟಿಕೆಟ್ ಕ್ಯಾನ್ಸಲ್ ಮಾಡಿದ್ದಾರೆ. ಸೋಮವಾರ ಕೇಳುತ್ತಾರೆ, "ದುಡ್ಡು ಯಾವಾಗ ಬರುತ್ತೆ?" ಬಾಟ್ ಹೇಳುತ್ತದೆ, "5ರಿಂದ 7 ಕೆಲಸದ ದಿನ." ಗುರುವಾರ ಮತ್ತೆ ಕೇಳುತ್ತಾರೆ. ಅದೇ ಉತ್ತರ. ಮುಂದಿನ ಮಂಗಳವಾರ ಮತ್ತೆ. ಅದೇ ಉತ್ತರ. ಅದರ ಮುಂದಿನ ಶುಕ್ರವಾರ ಸಾಕಾಗಿ ಏಜೆಂಟ್ ಬೇಕು ಅನ್ನುತ್ತಾರೆ. ಏಜೆಂಟ್ ನೋಡಿದರೆ ರಿಫಂಡ್ ಬ್ಯಾಂಕಿನಿಂದ ವಾಪಸ್ ಬಂದು ಕೂತಿದೆ. ಎರಡು ನಿಮಿಷದಲ್ಲಿ ಮತ್ತೆ ಕಳಿಸುತ್ತಾರೆ. ಈಗ ಲೆಕ್ಕ ಹಾಕಿ. ಚಾಟ್ ನಾಲ್ಕು, ಕಂಟೈನ್ ಆದದ್ದು ಮೂರು, ಅಂದರೆ 75%. ಜನರ ಲೆಕ್ಕದಲ್ಲಿ ಒಬ್ಬರು ಬಂದರು, ಬಾಟ್‌ನಿಂದ ಅವರ ಕೆಲಸ ಆಗಲಿಲ್ಲ, ಅಂದರೆ ಸೊನ್ನೆ. ಅವರು ಇನ್ನೂ ನಾಲ್ಕು ಸಲ ಸುಮ್ನೆ ಕೇಳಿ ಹೋಗಿದ್ದರೆ ಕಂಟೈನ್‌ಮೆಂಟ್ ಇನ್ನೂ ಮೇಲೆ ಹೋಗುತ್ತಿತ್ತು. ಗ್ರಾಹಕರ ಕಷ್ಟ ಜಾಸ್ತಿಯಾದಷ್ಟೂ ಬಾಟ್‌ಗೆ ಅಂಕ ಜಾಸ್ತಿ.

ವಾಟ್ಸಾಪ್ ಬಾಟ್‌ಗಳಲ್ಲಿ ಇದು ಇನ್ನೂ ಗೋಜಲು. ವೆಬ್‌ಸೈಟಿನ ಚಾಟ್‌ಗೆ ಮುಚ್ಚುವ ಗುಂಡಿ ಇರುತ್ತದೆ. ವಾಟ್ಸಾಪಿನಲ್ಲಿ ಮಾತುಕತೆ ಯಾವಾಗ ಮುಗಿಯಿತು ಅಂತ ಯಾರೂ ಹೇಳುವುದಿಲ್ಲ. ಆದ್ದರಿಂದ ತಂಡವೇ ಒಂದು ಟೈಮ್‌ಔಟ್ ಇಡುತ್ತದೆ. 30 ನಿಮಿಷ ಸುಮ್ಮನಿದ್ದರೆ ಚಾಟ್ ಮುಗಿಯಿತು ಅಂತ ಇಟ್ಟರು ಅನ್ನಿ. ಬಾಟ್ ಪಿಎನ್‌ಆರ್ ಕೇಳಿತು. ಗ್ರಾಹಕರು ಆಫೀಸಿನಲ್ಲಿದ್ದಾರೆ, ಟಿಕೆಟಿನ ಮೆಸೇಜ್ ಮಗನ ಫೋನಿನಲ್ಲಿದೆ. ಮಗನಿಗೆ ಕೇಳಿ ತರಿಸಿಕೊಂಡು 40 ನಿಮಿಷದ ಮೇಲೆ ಕಳಿಸಿದರು. ದಾಖಲೆಯಲ್ಲಿ ಅದು ಹೊಸ ಚಾಟ್. ಹಳೆಯದು ಏಜೆಂಟ್‌ಗೆ ಹೋಗದೆ ಮುಗಿದಿದೆ, ಅದೂ ಕಂಟೈನ್ ಆಯಿತು. ಟೈಮ್‌ಔಟನ್ನು 30 ನಿಮಿಷದಿಂದ 24 ಗಂಟೆಗೆ ಬದಲಿಸಿ ನೋಡಿ. ಬಾಟ್‌ನಲ್ಲಿ ಒಂದು ಅಕ್ಷರ ಮುಟ್ಟದೆ ಕಂಟೈನ್‌ಮೆಂಟ್ ಬದಲಾಗುತ್ತದೆ. ಎರಡು ಕಂಪನಿಗಳ ಕಂಟೈನ್‌ಮೆಂಟ್ ಹೋಲಿಸುವವರು ಮೊದಲು ಕೇಳಬೇಕಾದದ್ದು ಟೈಮ್‌ಔಟ್ ಎಷ್ಟು ಅಂತ. ಕೇಳುವವರು ಕಮ್ಮಿ.

ಇನ್ನು ಬೇಕಂತಲೇ ಏರಿಸುವುದು. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ನೀವೆಲ್ಲ ಅನುಭವಿಸಿದ್ದೇ. "ಏಜೆಂಟ್ ಜೊತೆ ಮಾತಾಡಿ" ಅನ್ನುವ ಗುಂಡಿಯನ್ನು ಮೂರು ಮೆನು ಒಳಗೆ ಹೂತಿಡುವುದು. `agent` ಅಂತ ಹೊಡೆದರೆ "ಮೊದಲು ನಾನೇ ಪ್ರಯತ್ನಿಸಲೇ?" ಅಂತ ಕೇಳುವುದು. ಬಾಟ್ ಮಾರುವವರ ಒಪ್ಪಂದದಲ್ಲಿ ಕಂಟೈನ್‌ಮೆಂಟೇ ಗುರಿ ಅಂತ ಬರೆದಿದ್ದರೆ, ಇದೆಲ್ಲ ತಾನಾಗಿಯೇ ಬರುತ್ತದೆ. ಅದಕ್ಕೆ ಯಾರೂ ಕೆಟ್ಟವರಾಗಿರಬೇಕಿಲ್ಲ.

ಎಲ್ಲ ಚಾಟನ್ನೂ ಹಿಡಿದಿಟ್ಟುಕೊಳ್ಳುವುದು ಒಳ್ಳೆಯದೂ ಅಲ್ಲ. ರಾತ್ರಿ ಹನ್ನೊಂದೂವರೆ. ಒಬ್ಬ ಹುಡುಗಿ ಪಿಕಪ್ ಪಾಯಿಂಟಿನಲ್ಲಿ ಒಬ್ಬಳೇ ನಿಂತಿದ್ದಾಳೆ. ಬಸ್ ಬಂದಿಲ್ಲ, ಡ್ರೈವರ್ ಫೋನ್ ಎತ್ತುತ್ತಿಲ್ಲ. ಈ ಚಾಟ್‌ನಲ್ಲಿ ಬಾಟ್ ಮಾಡಬೇಕಾದ ಒಂದೇ ಒಳ್ಳೆಯ ಕೆಲಸ ಅಂದರೆ ಪಿಎನ್‌ಆರ್ ತೆಗೆದುಕೊಂಡು, ಬಸ್ ಎಲ್ಲಿದೆ ಅಂತ ನೋಡಿ, ಕೂಡಲೇ ಮನುಷ್ಯರ ಕೈಗೆ ಕೊಡುವುದು. ಹಾಗೆ ಕೊಟ್ಟರೆ ಕಂಟೈನ್‌ಮೆಂಟ್‌ನಲ್ಲಿ ಅದು ಸೋಲು. ಲೈವ್ ಟ್ರ್ಯಾಕಿಂಗ್ ಲಿಂಕ್ ಕಳಿಸಿ ಕೈತೊಳೆದುಕೊಂಡರೆ ಗೆಲುವು. ಹಾಗಾಗಿ ವಿಷಯವಾರು ಪಟ್ಟಿ ಮಾಡಿ, ಯಾವ ವಿಷಯ ಏಜೆಂಟ್‌ಗೇ ಹೋಗಬೇಕು ಅಂತ ಮೊದಲೇ ಬರೆದಿಟ್ಟು, ಅವನ್ನು ಕಂಟೈನ್‌ಮೆಂಟ್ ಲೆಕ್ಕದಿಂದ ಹೊರಗಿಡಬೇಕು. ಅಲ್ಲಿ ಅಳೆಯಬೇಕಾದದ್ದು ಎಷ್ಟು ಬೇಗ ಮನುಷ್ಯರ ಕೈ ಸೇರಿತು ಅನ್ನುವುದನ್ನು.

ಈಗ ರೆಸಲ್ಯೂಷನ್. ಇದು ಕಂಟೈನ್‌ಮೆಂಟ್‌ಗಿಂತ ಪ್ರಾಮಾಣಿಕವಾಗಿ ಕಾಣುತ್ತದೆ, ಯಾಕಂದರೆ ಇದು ಕೇಳುವುದೇ ಕೆಲಸ ಆಯಿತೇ ಅಂತ. ಕಷ್ಟ ಏನೆಂದರೆ ಕೆಲಸ ಆಯಿತು ಅಂತ ಬಾಟ್‌ಗೆ ಗೊತ್ತಾಗುವುದು ಹೇಗೆ? ಮೂರು ದಾರಿ ಇವೆ. ಗ್ರಾಹಕರನ್ನೇ ಕೇಳುವುದು. ಗ್ರಾಹಕರು ಮತ್ತೇನೂ ಕೇಳದೆ ಹೋದರೆ ಆಯಿತು ಅಂತ ಅಂದುಕೊಳ್ಳುವುದು. ಇಲ್ಲವೇ ಮಾತುಕತೆಯನ್ನು ಇನ್ನೊಂದು ಭಾಷಾ ಮಾಡೆಲ್‌ಗೆ ಓದಿಸಿ ತೀರ್ಪು ಕೇಳುವುದು.

ಕೇಳುವುದು ಅಂದರೆ "ನಿಮ್ಮ ಸಮಸ್ಯೆ ಬಗೆಹರಿಯಿತೇ?" ಅಂತ ಹೌದು, ಇಲ್ಲ ಗುಂಡಿ ಕೊಡುವುದು. ಇಲ್ಲ ಒತ್ತಿದರೆ ಏನಾಗುತ್ತದೆ? ಬಹಳ ಬಾಟ್‌ಗಳಲ್ಲಿ ಮತ್ತೆ ಮೊದಲ ಮೆನು ಬರುತ್ತದೆ. ಅದು ಒಂದು ಸಲ ಗೊತ್ತಾದ ಮೇಲೆ ಜನ ಹೌದು ಒತ್ತಿ ಪೀಡೆ ಕಳೆದುಕೊಳ್ಳುತ್ತಾರೆ. ಪರೀಕ್ಷೆ ಮಾಡುವುದು ಸುಲಭ. ಹೌದು ಒತ್ತಿದವರಲ್ಲಿ ಎಷ್ಟು ಮಂದಿ ಒಂದು ಗಂಟೆಯೊಳಗೆ ಫೋನ್ ಮಾಡಿದ್ದಾರೆ ನೋಡಿ. ಆ ಪಾಲು, "ಇಲ್ಲ" ಒತ್ತಿದವರಲ್ಲಿ ಫೋನ್ ಮಾಡಿದವರ ಪಾಲಿಗೆ ಹತ್ತಿರವಿದ್ದರೆ ನಿಮ್ಮ ಗುಂಡಿ ಏನನ್ನೂ ಅಳೆಯುತ್ತಿಲ್ಲ.

ಎರಡನೆಯದು, ಮೌನವನ್ನು ಒಪ್ಪಿಗೆ ಅಂತ ತೆಗೆದುಕೊಳ್ಳುವುದು. ಇದಕ್ಕೆ ಈಗ ದುಡ್ಡಿನ ನಂಟೂ ಇದೆ. ಇಂಟರ್‌ಕಾಮ್ ಕಂಪನಿ 2023ರಲ್ಲಿ ಫಿನ್ ಅನ್ನುವ ಬಾಟ್ ತಂದಾಗ ಒಂದು ರೆಸಲ್ಯೂಷನ್‌ಗೆ 0.99 ಡಾಲರ್ ಅಂತ ದರ ಇಟ್ಟಿತು. ಗ್ರಾಹಕರು ಸರಿಯಾಯಿತು ಅಂದರೂ ಲೆಕ್ಕ, ಉತ್ತರ ಸಿಕ್ಕ ಮೇಲೆ ಮತ್ತೆ ಸಹಾಯ ಕೇಳದೆ ಹೋದರೂ ಲೆಕ್ಕ. ಈ ನಿಯಮವನ್ನು ಅವರು ಬಚ್ಚಿಟ್ಟಿಲ್ಲ, ಬರೆದೇ ಇಟ್ಟಿದ್ದಾರೆ. ಇದರಲ್ಲಿ ಮೋಸ ಇದೆ ಅಂತ ನಾನು ಹೇಳುತ್ತಿಲ್ಲ. ಬಿಲ್ ಹಾಕಲು ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಬಿಲ್‌ಗೆ ಎಳೆದ ಗೆರೆಯನ್ನೇ ಗುಣಮಟ್ಟದ ಗೆರೆ ಅಂತ ಕೊಳ್ಳುವವರು ಓದಬಾರದು, ಅಷ್ಟೇ.

ನಮ್ಮ ಬಸ್ ಆ್ಯಪ್‌ಗೆ ವಾಪಸ್ ಬರೋಣ. ಏನನ್ನೂ ಕೇಳದ 110 ಚಾಟ್ ತೆಗೆದರೆ ನಿಜವಾದ ಪ್ರಶ್ನೆ ಇದ್ದದ್ದು 890. ಉತ್ತರ ಸಿಕ್ಕು ಮತ್ತೇನೂ ಕೇಳದೆ ಹೋದವರು 540. ಭಾಗಿಸಿದರೆ 61%. ಸ್ಲೈಡಿನ ರೆಸಲ್ಯೂಷನ್ ಇದೇ. ಈಗ ಈ 540 ಜನರ ಮೊಬೈಲ್ ನಂಬರ್ ಹಿಡಿದು ಕಾಲ್ ಸೆಂಟರ್, ಇಮೇಲ್, ಮತ್ತೆ ಚಾಟ್, ಈ ಮೂರರ ದಾಖಲೆಯಲ್ಲೂ ಹುಡುಕುತ್ತೇವೆ. ಚಾಟ್ ಆದ ಏಳು ದಿನದೊಳಗೆ, ಅದೇ ಬುಕಿಂಗ್ ಬಗ್ಗೆ, ಮತ್ತೆ ಬಂದರೇ? 160 ಜನ ಬಂದಿದ್ದಾರೆ. ಉಳಿದದ್ದು 380. 890ರಲ್ಲಿ 380 ಅಂದರೆ 43%. 78ರಿಂದ ಶುರುಮಾಡಿ 61ಕ್ಕೆ ಬಂದು 43ಕ್ಕೆ ನಿಂತೆವು. ಬಾಟ್ ಅದೇ, ವಾರ ಅದೇ, ಜನ ಅದೇ. ಫೋನ್ ಕರೆಗಳು ಯಾಕೆ ಕಮ್ಮಿಯಾಗಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಸಿಕ್ಕಿತು. ಆ 160 ಮತ್ತು ಅರ್ಥವಾಗದೆ ಹೋದ 130, ಇವರಲ್ಲಿ ಬಹಳಷ್ಟು ಜನ ಅಲ್ಲಿ ಕ್ಯೂನಲ್ಲಿ ನಿಂತಿದ್ದಾರೆ.

ಏಳು ದಿನ ಅಂದೆ. ಅದನ್ನೂ ಕಣ್ಣುಮುಚ್ಚಿ ಹಾಕಬೇಡಿ. ಬಾಟ್ ಹೇಳಿದ್ದು 5ರಿಂದ 7 ಕೆಲಸದ ದಿನ. ಮಧ್ಯೆ ಶನಿವಾರ, ಭಾನುವಾರ ಬಂದರೆ 9 ದಿನ, ಒಂದು ಹಬ್ಬ ಸೇರಿದರೆ 10. ದುಡ್ಡು ಬಾರದವರು ವಾಪಸ್ ಬರುವುದೇ 10ನೇ ದಿನದ ಮೇಲೆ. ನಿಮ್ಮ ಲೆಕ್ಕ 7ನೇ ದಿನಕ್ಕೆ ಬಾಗಿಲು ಹಾಕಿಕೊಂಡಿದೆ. ಅಂದರೆ ರಿಫಂಡ್‌ನಂಥ ವಿಷಯಕ್ಕೆ 15 ದಿನ ಕಾಯಬೇಕು, ಪಿಕಪ್ ಪಾಯಿಂಟಿನ ಪ್ರಶ್ನೆಗೆ ಒಂದೇ ದಿನ ಸಾಕು. ಬಸ್ ಹೋದ ಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆಮೇಲೆ ಬರುವುದು ಬಸ್ ತಪ್ಪಿದ ದೂರು, ದಾಖಲೆಯಲ್ಲಿ ಅದು ಬೇರೆ ವಿಷಯ. ಹಾಗಾಗಿ ಜೋಡಿಸುವಾಗ ವಿಷಯದ ಹೆಸರನ್ನು ನೋಡಬೇಡಿ, ಬುಕಿಂಗ್ ನಂಬರ್ ನೋಡಿ. ಇಷ್ಟು ಮಾಡಿದರೂ ತಪ್ಪಿಸಿಕೊಳ್ಳುವವರು ಇದ್ದೇ ಇರುತ್ತಾರೆ. ಅಪ್ಪನ ಟಿಕೆಟಿಗೆ ಮಗಳು ಫೋನ್ ಮಾಡುತ್ತಾಳೆ, ನಂಬರ್ ಬೇರೆ. ಇನ್ನು ಕೆಲವರು 300 ರೂಪಾಯಿಗೆ ಯಾರು ಬಡಿದಾಡುತ್ತಾರೆ ಅಂತ ಬಿಟ್ಟೇ ಬಿಡುತ್ತಾರೆ. ಅವರು ನಿಮ್ಮ 380ರಲ್ಲಿ ಒಳ್ಳೆಯವರಾಗಿ ಕೂತಿದ್ದಾರೆ.

ಮೂರನೆಯದು ಮಾಡೆಲ್‌ಗೆ ಓದಿಸುವುದು. ಈಗ ಇದು ಎಲ್ಲ ಕಡೆ ಬಂದಿದೆ, ಉಪಯೋಗವೂ ಇದೆ. ಇದರ ಮಿತಿ ಎಲ್ಲಿದೆ ಅಂತ ತೋರಿಸಲು ಕೆನಡಾದ ಒಂದು ಪ್ರಕರಣ ಹೇಳುತ್ತೇನೆ. ಕೋರ್ಟಿಗೆ ಹೋಗಿದ್ದರಿಂದ ಪೂರ್ತಿ ವಿವರ ಬಹಿರಂಗವಾಗಿದೆ, ಇಂಥದ್ದು ಸಿಗುವುದು ಅಪರೂಪ.

2022ರ ನವೆಂಬರ್. ಒಬ್ಬರ ಅಜ್ಜಿ ತೀರಿಕೊಂಡಿದ್ದಾರೆ. ಅವರು ಏರ್ ಕೆನಡಾ ವೆಬ್‌ಸೈಟಿನ ಚಾಟ್‌ಬಾಟ್ ಹತ್ತಿರ, ಸಾವಿನ ಸಂದರ್ಭದಲ್ಲಿ ಪ್ರಯಾಣ ಮಾಡುವವರಿಗೆ ಕೊಡುವ ರಿಯಾಯಿತಿ ದರದ ಬಗ್ಗೆ ಕೇಳುತ್ತಾರೆ. ಈಗಾಗಲೇ ಪ್ರಯಾಣ ಮಾಡಿದ್ದರೂ ಟಿಕೆಟ್ ಕೊಟ್ಟ ದಿನದಿಂದ 90 ದಿನದೊಳಗೆ ಅರ್ಜಿ ಹಾಕಿದರೆ ರಿಯಾಯಿತಿ ಪಡೆಯಬಹುದು ಅಂತ ಬಾಟ್ ಹೇಳುತ್ತದೆ. ಅವರು ಅದನ್ನು ನಂಬಿ ಪೂರ್ತಿ ದರಕ್ಕೆ ಟಿಕೆಟ್ ಕೊಂಡು ವ್ಯಾಂಕೂವರ್‌ನಿಂದ ಟೊರಾಂಟೊಗೆ ಹೋಗಿ ಬರುತ್ತಾರೆ. ಆಮೇಲೆ ಅರ್ಜಿ ಹಾಕಿದರೆ ಕಂಪನಿ ಆಗುವುದಿಲ್ಲ ಅನ್ನುತ್ತದೆ. ನಿಯಮದ ಪ್ರಕಾರ ಪ್ರಯಾಣ ಮುಗಿದ ಮೇಲೆ ಈ ರಿಯಾಯಿತಿ ಇಲ್ಲ. ಬಾಟ್‌ನ ಉತ್ತರದಲ್ಲೇ ಇದ್ದ ಲಿಂಕ್ ಒತ್ತಿದ್ದರೆ ಆ ನಿಯಮ ಕಾಣುತ್ತಿತ್ತು ಅನ್ನುವುದು ಕಂಪನಿಯ ವಾದ. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ಸಿವಿಲ್ ರೆಸಲ್ಯೂಷನ್ ಟ್ರಿಬ್ಯೂನಲ್ ಪ್ರಯಾಣಿಕರ ಪರ ತೀರ್ಪು ಕೊಟ್ಟಿತು. ಬಾಟ್ ಹೇಳಿದ್ದಕ್ಕೂ ವೆಬ್‌ಸೈಟಿನ ಬೇರೆ ಪುಟ ಹೇಳಿದ್ದಕ್ಕೂ ಕಂಪನಿಯೇ ಜವಾಬ್ದಾರಿ ಅಂದಿತು. ದರದ ವ್ಯತ್ಯಾಸಕ್ಕೆ 650.88 ಕೆನಡಾ ಡಾಲರ್, ಅದರ ಮೇಲೆ ಬಡ್ಡಿ ಮತ್ತು ಶುಲ್ಕ ಕೊಡಲು ಹೇಳಿತು.

ಕಾನೂನಿನ ಮಾತು ಬಿಡಿ. ಆ ನವೆಂಬರ್ ದಿನದ ಚಾಟನ್ನು ನಮ್ಮ ಮೂರು ಅಳತೆಗೆ ಹಾಕಿ ನೋಡಿ. ಏರ್ ಕೆನಡಾದವರು ಒಳಗೆ ಅಂಕ ಹೇಗೆ ಕೊಟ್ಟಿದ್ದರೋ ಅದು ನನ್ನ ವಿಷಯವಲ್ಲ, ನಮ್ಮ ಕೈಯಲ್ಲಿ ಅದು ಬಂದಿದ್ದರೆ ಏನಾಗುತ್ತಿತ್ತು ಅಂತ ಕೇಳುತ್ತಿದ್ದೇನೆ. ಪ್ರಶ್ನೆ ಬಂತು, ಸ್ಪಷ್ಟ ಉತ್ತರ ಹೋಯಿತು, ಏಜೆಂಟ್ ಬೇಕಾಗಲಿಲ್ಲ. ಕಂಟೈನ್‌ಮೆಂಟ್ ಗೆದ್ದಿತು. ಪ್ರಯಾಣಿಕರು ಉತ್ತರ ಪಡೆದು ಹೋದರು, ರೆಸಲ್ಯೂಷನ್ ಗೆದ್ದಿತು. ಓದಿ ತೀರ್ಪು ಕೊಡುವ ಮಾಡೆಲ್‌ಗೆ ಕಂಪನಿಯ ನಿಯಮ ಕೈಗೆ ಕೊಡದಿದ್ದರೆ ಅದೂ ಭೇಷ್ ಅನ್ನುತ್ತದೆ, ಯಾಕಂದರೆ ಉತ್ತರ ವಿನಯವಾಗಿದೆ, ಪೂರ್ತಿಯಾಗಿದೆ, ಕೇಳಿದ್ದಕ್ಕೇ ಸರಿಯಾಗಿದೆ. ಆ ಕ್ಷಣ ರೇಟಿಂಗ್ ಕೇಳಿದ್ದರೆ 5 ಬರುವುದೂ ಸಹಜ. ದುಃಖದಲ್ಲಿರುವವರಿಗೆ ಬೇಕಾದ ಉತ್ತರವೇ ಸಿಕ್ಕಿತ್ತು ಅಲ್ವಾ? ಉತ್ತರ ತಪ್ಪು ಅನ್ನುವುದು ಮಾತ್ರ ಚಾಟ್‌ನೊಳಗೆ ಎಲ್ಲೂ ಇಲ್ಲ. ಅದು ಗೊತ್ತಾಗುವುದು ಆಮೇಲೆ, ಇನ್ನೊಂದು ವಿಭಾಗದ ಮೇಜಿನ ಮೇಲೆ, ರಿಫಂಡ್ ಅರ್ಜಿ ತಿರಸ್ಕಾರ ಆದಾಗ. ನಿಮ್ಮ ತೀರ್ಪಿನ ಮಾಡೆಲ್‌ಗೆ ಚಾಟ್ ಒಂದನ್ನೇ ಕೊಡಬೇಡಿ. ಆ ವಿಷಯದ ನಿಯಮದ ಪುಟವನ್ನೂ, ಆಮೇಲೆ ಬುಕಿಂಗ್‌ನಲ್ಲಿ ನಿಜವಾಗಿ ಏನಾಯಿತು ಅನ್ನುವ ದಾಖಲೆಯನ್ನೂ ಜೊತೆಗೆ ಕೊಡಿ.

ಇನ್ನು ಮೂರನೆಯ ಅಳತೆ, ಗ್ರಾಹಕರ ಸಂತೃಪ್ತಿ. ಸಿಸ್ಯಾಟ್ ಅಂತ ಕರೆಯುತ್ತೇವೆ. ಚಾಟ್ ಮುಗಿದ ಮೇಲೆ ಐದು ನಕ್ಷತ್ರ ತೋರಿಸಿ ಒತ್ತಿಸಿಕೊಳ್ಳುವುದು. ಸರಾಸರಿ ಹೇಳುವವರಿದ್ದಾರೆ, 4 ಮತ್ತು 5 ಕೊಟ್ಟವರ ಪಾಲು ಎಷ್ಟು ಅಂತ ಹೇಳುವವರಿದ್ದಾರೆ.

ಇದರ ಮೊದಲ ತೊಂದರೆ ಎಲ್ಲರಿಗೂ ಗೊತ್ತು, ಸರ್ವೆ ತುಂಬುವವರು ಕಮ್ಮಿ. ಗೊತ್ತಿಲ್ಲದ ತೊಂದರೆ ಅಂದರೆ, ಸರ್ವೆ ಯಾರ ಕಣ್ಣಿಗೆ ಬೀಳುತ್ತದೆ ಅನ್ನುವುದು. ನಮ್ಮ ಆ್ಯಪ್‌ನಲ್ಲಿ ನಕ್ಷತ್ರ ಬರುವುದು ಹೌದು ಗುಂಡಿ ಒತ್ತಿದ ಮೇಲೆ. ಅರ್ಥವಾಗಲಿಲ್ಲ ಅನ್ನಿಸಿಕೊಂಡು ಹೋದ 130 ಜನರಿಗೆ ಅದು ಕಾಣಲೇ ಇಲ್ಲ. ಮಧ್ಯದಲ್ಲಿ ಬಿಟ್ಟು ಫೋನ್ ಮಾಡಿದವರಿಗೂ ಕಾಣಲಿಲ್ಲ. ಊಟ ಮುಗಿಸಿದವರಿಗೆ ಮಾತ್ರ ಅಡುಗೆ ಹೇಗಿತ್ತು ಅಂತ ಕೇಳಿದ ಹಾಗೆ, ಎಲೆ ಬಿಟ್ಟು ಎದ್ದವರ ಲೆಕ್ಕ ಇಲ್ಲ. 4.3 ಬರದೆ ಇನ್ನೇನು ಬರಬೇಕು? ನಿಮ್ಮ ಬಾಟ್‌ನಲ್ಲಿ ನಕ್ಷತ್ರ ತೋರಿಸುವ ಜಾಗ ಯಾವುದು ಅಂತ ಇವತ್ತೇ ಹೋಗಿ ನೋಡಿ. ತೋರಿಸಿದ್ದು ಎಷ್ಟು ಜನರಿಗೆ, ತುಂಬಿದ್ದು ಎಷ್ಟು ಜನ, ಈ ಎರಡು ಸಂಖ್ಯೆ ಪಕ್ಕದಲ್ಲಿಲ್ಲದ ಸಿಸ್ಯಾಟ್ ಸ್ಲೈಡಿಗೆ ಬರಬಾರದು ಅನ್ನುವುದು ನನ್ನ ಪಕ್ಷ.

ಎರಡನೇ ತೊಂದರೆ, ಜನ ಅಂಕ ಕೊಡುವುದು ಬಾಟ್‌ಗೆ ಅಲ್ಲ, ನಿಯಮಕ್ಕೆ. ಬಸ್ ಹೊರಡುವ ಎರಡು ಗಂಟೆ ಮೊದಲು ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಇಲ್ಲ ಅಂತ ಬಾಟ್ ಸರಿಯಾಗಿಯೇ ಹೇಳಿದರೆ 1 ನಕ್ಷತ್ರ. ಸಿಗುತ್ತದೆ ಅಂತ ತಪ್ಪು ಹೇಳಿದರೆ 5. ಬಾಟನ್ನು ಸಿಸ್ಯಾಟ್ ಏರುವ ಹಾಗೆ ತಿದ್ದುತ್ತಾ ಹೋದರೆ ಅದು ಕಲಿಯುವುದು ಸಿಹಿ ಮಾತನ್ನು. ಈ ಅಪಾಯಕ್ಕೆ ಉದಾಹರಣೆ ಈಗಷ್ಟೇ ಹೇಳಿದೆ.

ಮೂರನೆಯದು ನನಗೆ ಬಹಳ ಮುಖ್ಯ ಅನಿಸುವುದು. ಇಲ್ಲಿ ಸ್ವಲ್ಪ ಲೆಕ್ಕ ಇದೆ, ಮೊದಲಿನ ವಾರದ ಅಂಕಿ ಬಿಟ್ಟು ಹೊಸ ಅಂಕಿ ಇಟ್ಟುಕೊಂಡು ನಿಧಾನವಾಗಿ ಹೋಗೋಣ. ಬಾಟ್ ಬರುವ ಮೊದಲು ನಮ್ಮ ಬಸ್ ಕಂಪನಿಗೆ 1000 ವಿಚಾರಣೆ ಬರುತ್ತಿದ್ದವು, ಎಲ್ಲವನ್ನೂ ಜನರೇ ನೋಡುತ್ತಿದ್ದರು. ಅದರಲ್ಲಿ 600 ಸುಲಭದವು, ಬಸ್ ಎಲ್ಲಿದೆ ಎನ್ನುವಂಥವು. ಅವುಗಳಲ್ಲಿ 90% ಮಂದಿ ಖುಷಿ. 400 ಕಷ್ಟದವು, ರಿಫಂಡ್ ಗಲಾಟೆ. ಅವುಗಳಲ್ಲಿ 60% ಖುಷಿ. ಒಟ್ಟು ಖುಷಿಯಾದವರು 540 ಮತ್ತು 240, ಅಂದರೆ 780. ಏಜೆಂಟ್‌ಗಳ ಸಿಸ್ಯಾಟ್ 78%.

ಬಾಟ್ ಬಂತು. ಸುಲಭದ 600 ಅದಕ್ಕೆ, ಅಲ್ಲಿ 85% ಖುಷಿ. ಕಷ್ಟದ 400 ಹೋಗುವುದು ಏಜೆಂಟ್‌ಗಳಿಗೆ, ಅಲ್ಲಿ 62% ಖುಷಿ. ಈಗ ಸ್ಲೈಡ್ ಏನು ಹೇಳುತ್ತದೆ? ಬಾಟ್ 85, ಏಜೆಂಟ್‌ಗಳು 62. ಅದೂ ಏಜೆಂಟ್‌ಗಳು 78ರಿಂದ 62ಕ್ಕೆ ಬಿದ್ದಿದ್ದಾರೆ! ಇನ್ನಷ್ಟು ಕೆಲಸ ಬಾಟ್‌ಗೆ ಕೊಡೋಣ ಅಂತ ಯಾರಿಗಾದರೂ ಅನಿಸುತ್ತದೆ. ನಿಜ ಏನು? ಸುಲಭದ ಪ್ರಶ್ನೆಯಲ್ಲಿ ಬಾಟ್ ಜನರಿಗಿಂತ ಕೆಳಗಿದೆ, 90 ಇದ್ದದ್ದು 85 ಆಯಿತು. ಕಷ್ಟದ ಪ್ರಶ್ನೆಯಲ್ಲಿ ಏಜೆಂಟ್‌ಗಳು 60ರಿಂದ 62ಕ್ಕೆ ಏರಿದ್ದಾರೆ. ಒಟ್ಟು ಖುಷಿಯಾದವರು 510 ಮತ್ತು 248, ಅಂದರೆ 758. ಒಟ್ಟಾರೆ 78ರಿಂದ ಸುಮಾರು 76ಕ್ಕೆ ಇಳಿದಿದೆ. ಸುಲಭದ್ದನ್ನೆಲ್ಲ ಬಾಟ್ ಎತ್ತಿಕೊಂಡ ಮೇಲೆ ಏಜೆಂಟ್‌ಗಳಿಗೆ ಬೆಳಗಿನಿಂದ ಸಂಜೆ ತನಕ ಬೈಗುಳವೇ. ಅದರ ಮೇಲೆ ರೇಟಿಂಗ್ ಬಿತ್ತು ಅಂತ ಇನ್ಸೆಂಟಿವ್ ಕಟ್. ಇದು ಲೆಕ್ಕದ ತಪ್ಪು ಅಷ್ಟೇ ಅಲ್ಲ, ಒಬ್ಬರ ಸಂಬಳದ ವಿಷಯವೂ ಹೌದು.

ಈ ಕಾರಣಕ್ಕೆ ಬಾಟ್ ಜನರಷ್ಟೇ ಚೆನ್ನಾಗಿದೆ ಅನ್ನುವ ಪ್ರಕಟಣೆ ಓದುವಾಗ ನಿಲ್ಲಬೇಕು. ಸ್ವೀಡನ್ನಿನ ಕ್ಲಾರ್ನಾ ಕಂಪನಿ 2024ರ ಫೆಬ್ರವರಿಯಲ್ಲಿ ತನ್ನ ಬಾಟ್ ಮೊದಲ ತಿಂಗಳಲ್ಲೇ 23 ಲಕ್ಷ ಮಾತುಕತೆ ನಡೆಸಿತು, ಗ್ರಾಹಕ ಸೇವೆಯ ಚಾಟ್‌ಗಳಲ್ಲಿ ಮೂರನೇ ಎರಡು ಪಾಲು ಅದೇ ನೋಡಿತು, 700 ಜನರ ಕೆಲಸ ಮಾಡಿತು, ಸಂತೃಪ್ತಿಯಲ್ಲಿ ಏಜೆಂಟ್‌ಗಳಿಗೆ ಸಮ ಅಂತ ಪ್ರಕಟಿಸಿತು. ಆ ಸಾಲಿಗೆ ನಾವು ಕೇಳಬೇಕಾದದ್ದು ಒಂದೇ, ಸಮ ಅಂದದ್ದು ಯಾವ ಪ್ರಶ್ನೆಗಳಲ್ಲಿ? ಅದೇ ಪ್ರಕಟಣೆಯಲ್ಲಿ ಮತ್ತೆ ಮತ್ತೆ ಬರುವ ವಿಚಾರಣೆ 25% ಕಮ್ಮಿಯಾಯಿತು ಅಂತಲೂ ಇತ್ತು. ನನ್ನ ಕಣ್ಣಿಗೆ ಇಡೀ ಪ್ರಕಟಣೆಯಲ್ಲಿ ಹೆಚ್ಚು ತೂಕದ ಸಂಖ್ಯೆ ಅದು, ಸುದ್ದಿಯಲ್ಲಿ ಓಡಾಡಿದ್ದು ಮಾತ್ರ 700. 2025ರಲ್ಲಿ ಅದೇ ಕಂಪನಿಯ ಮುಖ್ಯಸ್ಥರು ವೆಚ್ಚಕ್ಕೆ ಜಾಸ್ತಿ ತೂಕ ಕೊಟ್ಟಿದ್ದರಿಂದ ಗುಣಮಟ್ಟ ಇಳಿಯಿತು ಅನ್ನುವ ಅರ್ಥದಲ್ಲಿ ಮಾತಾಡಿದರು, ಗ್ರಾಹಕ ಸೇವೆಗೆ ಮತ್ತೆ ಜನರನ್ನು ತೆಗೆದುಕೊಳ್ಳಲು ಶುರುಮಾಡಿದರು. ಬಾಟನ್ನು ಅವರು ಬಿಟ್ಟಿಲ್ಲ, ಅದೂ ನಡೆಯುತ್ತಿದೆ.

ಹಾಗಾದರೆ ಸ್ಲೈಡಿನಲ್ಲಿ ಏನಿಡಬೇಕು? ಮೂರನ್ನೂ ಬಿಸಾಡಿ ಅಂತ ನಾನು ಹೇಳುವುದಿಲ್ಲ. ಕಂಟೈನ್‌ಮೆಂಟ್ ಇರಲಿ, ಅದರ ಪಕ್ಕ ಖರ್ಚು ಅಂತ ಬರೆದಿರಲಿ. ರೆಸಲ್ಯೂಷನನ್ನು ಚಾಟ್ ಲೆಕ್ಕದಲ್ಲಿ ಅಲ್ಲ, ಬುಕಿಂಗ್ ಲೆಕ್ಕದಲ್ಲಿ ಹಾಕಿ, ಮತ್ತೆ ಬಂದವರನ್ನು ಕಳೆದು ಹೇಳಿ. ಸಿಸ್ಯಾಟನ್ನು ವಿಷಯವಾರು ಒಡೆದು, ಒಂದೇ ವಿಷಯದಲ್ಲಿ ಬಾಟ್ ಮತ್ತು ಏಜೆಂಟನ್ನು ಅಕ್ಕಪಕ್ಕ ಇಡಿ. ಒಂದಷ್ಟು ಚಾಟನ್ನು ಕೈಯಾರೆ ಓದಿ, ಕೆಲಸ ಆಯಿತೇ ಅಂತ ನೋಡಿ. ಸಾಧ್ಯವಾದರೆ ನೂರರಲ್ಲಿ ಐದು ಜನರಿಗೆ, ಲಾಟರಿ ಎತ್ತಿದ ಹಾಗೆ ಆರಿಸಿ, ಮೊದಲ ಪರದೆಯಲ್ಲೇ ಏಜೆಂಟ್ ಗುಂಡಿ ತೋರಿಸಿ. ಆ ಐವರ ಗುಂಪಿನಲ್ಲಿ ಮತ್ತೆ ಬರುವವರು ಕಮ್ಮಿಯಾದರೆ, ಉಳಿದ ತೊಂಬತ್ತೈದು ಜನರನ್ನು ಬಾಟ್ ಸುಮ್ನೆ ತಡೆದು ನಿಲ್ಲಿಸಿದೆ ಅಂತ ಅರ್ಥ. ಯಾವ ಸರ್ವೆಯೂ ಇದನ್ನು ಹೇಳುವುದಿಲ್ಲ.

ಮಾತು ಮುಗಿದ ಮೇಲೆ ಕೇಳುತ್ತಿದ್ದವರಲ್ಲಿ ಒಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲೇ ಸೇರಿಸುತ್ತೇನೆ, ಯಾಕಂದರೆ ಅದು ಮಾತಿನಲ್ಲಿ ಬರಬೇಕಾಗಿತ್ತು. "ಕೈಯಾರೆ ಚಾಟ್ ಓದಿ ಅಂತೀರಿ, ಎಷ್ಟು ಓದಬೇಕು ಸರ್?" ಲಾಟರಿಯಂತೆ ಆರಿಸಿದ 100 ಚಾಟ್ ಓದಿದರೆ ನಿಮಗೆ ಸಿಗುವ ಶೇಕಡಾವಾರು ಸಂಖ್ಯೆ ಹೆಚ್ಚುಕಮ್ಮಿ 10ರಷ್ಟು ಆಚೀಚೆ ಇರುತ್ತದೆ. 43 ಬಂದರೆ ನಿಜ 33ರಿಂದ 53ರ ಮಧ್ಯೆ ಎಲ್ಲೋ ಇದೆ. 78 ಅಂದುಕೊಂಡಿದ್ದವರಿಗೆ ಅಷ್ಟು ಸಾಕು. ಆದರೆ ಹೋದ ತಿಂಗಳು 43, ಈ ತಿಂಗಳು 46, ಸುಧಾರಿಸಿದೆ ಅಂತ ಹೇಳಲು 100 ಸಾಲದು. ಅದಕ್ಕೆ ಸಾವಿರಗಳಲ್ಲಿ ಓದಬೇಕು, ಅಲ್ಲಿ ಮಾಡೆಲ್ ಬೇಕಾಗುತ್ತದೆ. ಓದುವವರು ಬಾಟ್ ಕಟ್ಟಿದ ಎಂಜಿನಿಯರ್ ಆಗಬಾರದು, ತನ್ನ ಬಾಟ್ ಏನು ಹೇಳಲು ಹೊರಟಿತ್ತು ಅಂತ ಅವರಿಗೆ ಗೊತ್ತು. ಆ ವಾರ ಫೋನ್ ಎತ್ತಿದ ಇಬ್ಬರು ಏಜೆಂಟ್‌ಗಳನ್ನು ಕೂರಿಸಿ, ಬೇರೆ ಬೇರೆಯಾಗಿ ಓದಿಸಿ. ಇಬ್ಬರ ಉತ್ತರ ಹೊಂದದ ಚಾಟ್‌ಗಳನ್ನು ಮೊದಲು ಎತ್ತಿಕೊಳ್ಳಿ.